ಬಾಗ್ದಾದಿನ ಎಂಟುನೂರು ದಿನಾರು

ಬ್ಯಾಡಗಿಯ ಗುಲಾಬಬಿಗೆ ಗಂಡನ ರಿಜಿಸ್ಟರ್ಡ್ ಲಕೋಟೆ ಬಂದದ್ದು ೧೯೯೦ರ ಆಗಸ್ಟ್ ತಿಂಗಳ ಮೂರನೆಯ ವಾರ. ಒಳಗೆ ಒಂಬೈನೂರು ಡಾಲರಿನ ಡ್ರಾಫ್ಟು, ಜೊತೆಗೆ ನಾಲ್ಕು ಸಾಲಿನ ಕಾಗದ. "ಇದರಲ್ಲಿ ಮಷೀನು ತೊಗೋ, ನಾನು ಬಂದ ಮೇಲೆ ಬಣ್ಣ ಹಚ್ಚೋಣ" ಎಂದು ಶಾಬುದ್ದೀನ ಬರೆದಿದ್ದ. ಆತ ಬಾಗ್ದಾದಿನಲ್ಲಿ ಒಂದು ಕಟ್ಟಡದ ಕಂಪನಿಯಲ್ಲಿ ವೆಲ್ಡರ್ ಆಗಿ ಹೋಗಿ ಮೂರು ವರ್ಷವಾಗಿತ್ತು. ಮಷೀನು ಎಂದರೆ ಖಾರ ಕುಟ್ಟುವ ಮಷೀನು. ಗುಲಾಬಬಿ ಹನ್ನೆರಡು ವರ್ಷದಿಂದ ಮಾರ್ಕೆಟ್ ಯಾರ್ಡಿನಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಬಂದವಳು. ಕಾಯಿಯನ್ನು ಮೂಸಿ ನೋಡಿಯೇ ಇದು ಯಾವ ಕಡೆಯದು, ಬಣ್ಣ ಎಷ್ಟು ಬಿಡುತ್ತದೆ ಎಂದು ಹೇಳಬಲ್ಲಳು. ಇನ್ನೊಬ್ಬರ ಕಾಯಿಯ ತೊಟ್ಟು ಬಿಡಿಸುವುದು ಸಾಕು, ನಮ್ಮದೇ ಖಾರ ಕುಟ್ಟಿ ಮಾರೋಣ ಎಂಬುದು ಗಂಡ ಹೆಂಡಿರ ಮಾತಾಗಿತ್ತು.

ಲಕೋಟೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಆಕೆ ಸೀದಾ ಬ್ಯಾಂಕಿಗೆ ಹೋದಳು. ಅಲ್ಲಿ ಮಹಮ್ಮದ್ ಹನೀಫ್ ಎಂಬ ಆಫೀಸರ್ ಇದ್ದ. ಹಾವೇರಿಯ ಹುಡುಗ, ಬೆರಳಿಗೆ ಸದಾ ಮಸಿ, ಮಾತು ಮಾತ್ರ ಸ್ವಚ್ಛ. ಹಿಂದಿನ ಡ್ರಾಫ್ಟುಗಳನ್ನೆಲ್ಲ ಆತ ಅದೇ ವಾರ ರೂಪಾಯಿ ಮಾಡಿ ಕೊಟ್ಟಿದ್ದ. ಈ ಸಲ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ಕನ್ನಡಕ ತೆಗೆದ.

"ಆಪಾ, ಇದನ್ನ ಈಗ ನಾವು ಕೊಂಡುಕೊಳ್ಳಾಕ ಬರೂದಿಲ್ಲ. ಮುಂಬೈಗೆ ಕಳಿಸತೇನಿ, ಅವರು ಅಮೆರಿಕಾಕ್ಕ ಕಳಿಸತಾರ. ಅಲ್ಲಿಂದ ಹಣ ಬಂದ್ರ ನಿಮ್ಮ ಖಾತೆಗೆ ಜಮಾ. ಬರದಿದ್ರ ಕಾಗದ ತಿರುಗಿ ಬರತೈತಿ."

"ಬರದೇ ಯಾಕ ಇರತೈತಿ? ಆತ ರೊಕ್ಕ ಕಟ್ಟೇ ಡ್ರಾಫ್ಟು ತಗೊಂಡಾನಲ್ಲ."

"ಕಟ್ಟ್ಯಾರ, ಅದರಾಗ ತಪ್ಪಿಲ್ಲ. ಆದ್ರ ಡಾಲರ್ ಇರೂದು ಬಾಗ್ದಾದಿನಾಗ ಅಲ್ಲ. ಬಾಗ್ದಾದಿನ ಬ್ಯಾಂಕು ನ್ಯೂಯಾರ್ಕಿನಾಗೊಂದು ಖಾತೆ ಇಟ್ಟೈತಿ. ಈ ಕಾಗದ ಆ ಖಾತೆ ಮ್ಯಾಲಿನ ಚೀಟಿ. ಆಗಸ್ಟ್ ಎರಡಕ್ಕ ಇರಾಕಿನವರು ಕುವೈತಿಗೆ ನುಗ್ಗಿದ್ರು. ಅವತ್ತೇ ಅಮೆರಿಕಾದವರು ಆ ಖಾತೆಗೆ ಬೀಗ ಹಾಕ್ಯಾರ."

ಗುಲಾಬಬಿ ಒಂದು ಕ್ಷಣ ಯೋಚಿಸಿದಳು. "ಅಂದ್ರ ಗೋದಾಮಿನಾಗ ಚೀಲ ಅದಾವು, ರಸೀದಿ ನನ್ನ ಕೈಯಾಗೈತಿ, ಬಾಗಿಲಿಗೆ ತಹಸೀಲ್ದಾರರು ಸೀಲು ಹಾಕ್ಯಾರ."

ಹನೀಫ್ ನಕ್ಕ. "ನಾನು ಮೂರು ದಿನದಿಂದ ಮ್ಯಾನೇಜರಿಗೆ ಹೇಳಾಕತ್ತಿದ್ದನ್ನ ನೀವು ಒಂದ ಮಾತಿನಾಗ ಹೇಳಿದ್ರಿ."

ಹೇಳಿದ್ದೇನೋ ಹೇಳಿದಳು. ಮನೆಗೆ ಬರುವ ದಾರಿಯಲ್ಲಿ ಮಷೀನಿನ ಅಂಗಡಿಯ ಕಡೆ ಮಾತ್ರ ನೋಡಲಿಲ್ಲ.

ಡ್ರಾಫ್ಟು ಅಕ್ಟೋಬರಿನಲ್ಲಿ ತಿರುಗಿ ಬಂತು. ಮೇಲೊಂದು ಚೀಟಿ: ಖಾತೆ ನಿರ್ಬಂಧಿಸಲಾಗಿದೆ, ಪಾವತಿ ಸಾಧ್ಯವಿಲ್ಲ. ಅದೇ ವಾರದ ಶುಕ್ರವಾರ, ಮಧ್ಯಾಹ್ನದ ರೈಲಿಗೆ, ಶಾಬುದ್ದೀನನೂ ತಿರುಗಿ ಬಂದ. ಬಾಗ್ದಾದಿನಿಂದ ಬಸ್ಸಿನಲ್ಲಿ ಜೋರ್ಡಾನಿನ ಗಡಿ, ಗಡಿಯಲ್ಲಿ ಒಂಬತ್ತು ದಿನ ಡೇರೆ, ಅಮ್ಮಾನಿನಿಂದ ಮುಂಬೈಗೆ ಸರ್ಕಾರ ಕಳಿಸಿದ ವಿಮಾನ. ಮೈ ಅರ್ಧ ಆಗಿತ್ತು. ಗಡ್ಡ ಮಾತ್ರ ಇಬ್ಬರಿಗಾಗುವಷ್ಟು ಬೆಳೆದಿತ್ತು. ಗುಲಾಬಬಿ ಮೊದಲು ಆತನ ಕೈಕಾಲು ನೋಡಿದಳು, ಆಮೇಲೆ ಗಡ್ಡ ನೋಡಿದಳು, ಆಮೇಲೆ ನಗು ತಡೆಯಲಾಗದೆ ಒಳಗೆ ಹೋಗಿ ಚಹಾಕ್ಕೆ ಇಟ್ಟಳು.

ಚಹಾ ಕುಡಿದು ಶಾಬುದ್ದೀನ ಚೀಲದ ಒಳಗಿನ ಅಸ್ತರು ಬಿಚ್ಚಿದ. ಇಪ್ಪತ್ತೈದು ದಿನಾರಿನ ಮೂವತ್ತೆರಡು ನೋಟುಗಳು ಚಾಪೆಯ ಮೇಲೆ ಬಿದ್ದವು. ನೋಟಿನ ಮೇಲೆ ಕುದುರೆ ಸವಾರರು ಓಡುತ್ತಿದ್ದರು.

"ಎಂಟುನೂರು" ಎಂದ. "ಸಂಬಳದಾಗ ಇಷ್ಟು ಪಾಲು ಅಂತ ಇತ್ತು, ಅಷ್ಟನ್ನ ಮಾತ್ರ ಡಾಲರ್ ಮಾಡಿ ಊರಿಗೆ ಕಳಿಸಾಕ ಬಿಡತಿದ್ರು. ಉಳಿದದ್ದು ದಿನಾರಿನಾಗ, ಅಲ್ಲೇ ಉಣ್ಣು, ಅಲ್ಲೇ ಖರ್ಚು ಮಾಡು. ನಾನು ಉಣ್ಣೂದರಾಗ ಕಡಿಮಿ ಮಾಡಿ ಇಟ್ಟಿದ್ದೆ. ಊರಿಗೆ ಬರೂ ಮುಂದ ಏನಾದ್ರೂ ಸಾಮಾನ ತರೂಣು ಅಂತ. ಆಗಸ್ಟ್ ಆದ ಮ್ಯಾಲೆ ಅಂಗಡಿಯಾಗ ಸಾಮಾನ ಎಲ್ಲಿತ್ತು?"

"ಗಡಿಯಾಗ ಯಾರೂ ಬದಲಿ ಮಾಡಿ ಕೊಡಲಿಲ್ಲೇನು?"

"ಹತ್ತು ಕೊಟ್ರ ಜೋರ್ಡಾನಿನದು ಒಂದು ಕೊಡತೇನಿ ಅಂದ ಒಬ್ಬ. ಹಸಿವಾದಾಗ ಐವತ್ತು ಕೊಟ್ಟು ರೊಟ್ಟಿ ತಿಂದೆ. ಉಳಿದದ್ದು ಕೊಡಾಕ ಮನಸ್ಸಾಗಲಿಲ್ಲ. ನಮ್ಮ ಬ್ಯಾಂಕಿನಾಗ ನ್ಯಾಯದ ದರ ಸಿಗತೈತಿ ಅಂದ್ಕೊಂಡೆ."

ಬ್ಯಾಂಕಿನಲ್ಲಿ ನ್ಯಾಯದ ದರವೂ ಸಿಗಲಿಲ್ಲ, ಅನ್ಯಾಯದ ದರವೂ ಸಿಗಲಿಲ್ಲ. ಹನೀಫ್ ನೋಟುಗಳನ್ನು ಮುಟ್ಟಲೂ ಇಲ್ಲ. ಹಾವೇರಿಗೆ ಫೋನು ಮಾಡಿದ, ಹುಬ್ಬಳ್ಳಿಗೆ ಮಾಡಿದ, ಯಾರೂ ತೆಗೆದುಕೊಳ್ಳುವುದಿಲ್ಲ ಎಂದ. ಗಂಡ ಹೆಂಡಿರು ನೋಟುಗಳನ್ನು ಮನೆಗೆ ತಂದು ಗೋಧಿ ಡಬ್ಬಿಯಲ್ಲಿಟ್ಟರು.

ಅಲ್ಲಿಗೆ ಮುಗಿಯುತ್ತಿತ್ತು. ಆದರೆ ರಾಣೆಬೆನ್ನೂರಿನಿಂದ ಉಡಚಪ್ಪ ಬಂದ.

ಉಡಚಪ್ಪ ಬೀಜದ ವ್ಯಾಪಾರಿ. ಹತ್ತಿ, ಮೆಣಸಿನಕಾಯಿ, ಟೊಮೆಟೊ, ಯಾವ ಬೀಜಕ್ಕೆ ಮುಂದಿನ ವರ್ಷ ಬೆಲೆ ಬರುತ್ತದೆ ಎಂದು ಉಳಿದವರಿಗಿಂತ ಆರು ತಿಂಗಳು ಮೊದಲೇ ಆತನಿಗೆ ತಿಳಿಯುತ್ತಿತ್ತು, ಅಥವಾ ತಿಳಿಯುತ್ತದೆ ಎಂದು ಆತ ನಂಬಿದ್ದ. ಶಾಬುದ್ದೀನ ಬಾಗ್ದಾದಿಗೆ ಹೋಗುವ ಮೊದಲು ಆತನ ಗೋದಾಮಿನ ಕಬ್ಬಿಣದ ಬಾಗಿಲುಗಳನ್ನೆಲ್ಲ ಮಾಡಿಕೊಟ್ಟಿದ್ದ. ಆ ವಿಶ್ವಾಸದಿಂದ ಕ್ಷೇಮ ಕೇಳಲು ಬಂದವನು ನೋಟು ತೋರಿಸು ಎಂದ. ನೋಡಿದ. ಬೆಳಕಿಗೆ ಹಿಡಿದ. ಜೇಬಿನಿಂದ ವರ್ಷದ ಡೈರಿ ತೆಗೆದು ಹಿಂದಿನ ಪುಟ ತಿರುವಿದ. ಅಲ್ಲಿ ಸಣ್ಣ ಅಕ್ಷರದಲ್ಲಿ ಎಲ್ಲ ದೇಶದ ನಾಣ್ಯಗಳ ಪಟ್ಟಿ ಇತ್ತು.

"ಒಂದು ದಿನಾರಿಗೆ ಮೂರು ಡಾಲರಿಗಿಂತ ಮ್ಯಾಲೆ ಬರದಾರ" ಎಂದ. "ರೂಪಾಯಿಯಾಗ ಐವತ್ತು ದಾಟತೈತಿ. ನಿನ್ನ ಡಬ್ಬಿಯಾಗ ನಲವತ್ತು ಸಾವಿರ ಐತೇನೋ?"

"ಪುಸ್ತಕದಾಗ ಐತ್ರಿ ಸಾವಕಾರ್ರ. ಯಾರೂ ಕೊಡೂದಿಲ್ಲ."

"ಇವತ್ತು ಕೊಡೂದಿಲ್ಲ. ಲಡಾಯಿ ಮುಗಿದ ಮ್ಯಾಲೆ ಕೊಡತಾರ. ಎಣ್ಣಿ ದೇಶ ಅದು. ನಾನು ದಿನಾರಿಗೆ ಐದು ರೂಪಾಯಿ ಕೊಡತೇನಿ, ಕೊಟ್ಟುಬಿಡು."

"ಬ್ಯಾಡ್ರಿ" ಎಂದಳು ಗುಲಾಬಬಿ, ಬಾಗಿಲಲ್ಲಿ ನಿಂತು. "ಅದು ನಡಿಯದ ರೊಕ್ಕ. ನಿಮಗ್ಯಾಕ ಸುಮ್ಮನ?"

ಉಡಚಪ್ಪ ಆಕೆಯ ಮುಖ ನೋಡಿದ. ನಲವತ್ತು ವರ್ಷದ ವ್ಯಾಪಾರದಲ್ಲಿ, ತನ್ನ ಮಾಲು ಕೆಟ್ಟದ್ದು ಎಂದು ತಾನೇ ಹೇಳಿದವರನ್ನು ಆತ ಕಂಡಿರಲಿಲ್ಲ. ಹಾಗೆ ಹೇಳುತ್ತಾರೆಂದರೆ ಮಾಲು ಬಹಳ ಒಳ್ಳೆಯದಿರಬೇಕು. ಬಸ್ಸಿಗೆ ಹೋಗುವಾಗ ಎಂಟು ರೂಪಾಯಿಗೆ ಏರಿದ.

ಮುಂದಿನ ಸೋಮವಾರ ಮತ್ತೆ ಬಂದ. ಹನ್ನೆರಡು ಎಂದ. ಗುಲಾಬಬಿ ಮತ್ತೆ ಎಲ್ಲ ಬಿಡಿಸಿ ಹೇಳಿದಳು: ನ್ಯೂಯಾರ್ಕಿನ ಖಾತೆ, ಬೀಗ, ತಿರುಗಿ ಬಂದ ಡ್ರಾಫ್ಟು. ಆಕೆ ಹೇಳಿದಷ್ಟೂ ಉಡಚಪ್ಪನ ಕಣ್ಣು ಸಣ್ಣದಾಗುತ್ತ ಹೋಯಿತು. ಇಷ್ಟು ಚೆನ್ನಾಗಿ ತಿಳಿದುಕೊಂಡವಳು ಸುಮ್ಮನೆ ಇಟ್ಟುಕೊಂಡಿರುತ್ತಾಳೆಯೆ? ಮೂರನೆಯ ಸಲ ಬಂದಾಗ ಪೇಡೆಯ ಪೊಟ್ಟಣ ತಂದ. ಹದಿನೈದು ಎಂದ. ಇವರು ಒಲ್ಲೆವು ಎನ್ನುವುದಕ್ಕೂ ಆತ ಏರಿಸುವುದಕ್ಕೂ ಒಂದು ಲಯ ಬಂದುಬಿಟ್ಟಿತು. ಓಣಿಯವರು ಕಟ್ಟೆಗೆ ಕುಳಿತು ಇವತ್ತು ಎಷ್ಟಕ್ಕೆ ಹೋಯಿತು ಎಂದು ಕೇಳತೊಡಗಿದರು.

ಡಿಸೆಂಬರಿನಲ್ಲಿ ಹೊಸ ಮೆಣಸಿನಕಾಯಿ ಯಾರ್ಡಿಗೆ ಬರತೊಡಗಿದ ದಿನ ಉಡಚಪ್ಪ ಇಪ್ಪತ್ತು ಎಂದ. ರೊಕ್ಕ ತಂದೇ ಇಡುತ್ತೇನೆ, ಗುರುವಾರ ಸಿದ್ಧ ಇರ್ರಿ ಎಂದು ಹೇಳಿ ಹೋದ.

ಮರುದಿನ ಬೆಳಿಗ್ಗೆ ಗುಲಾಬಬಿ ರೊಟ್ಟಿ ಬಡಿಯುತ್ತಿದ್ದಳು. ಶಾಬುದ್ದೀನ ಒಲೆಯ ಮುಂದೆ ಕುಂತಿದ್ದ.

"ಹದಿನಾರು ಸಾವಿರ" ಎಂದ. "ಡ್ರಾಫ್ಟಿನಷ್ಟೇ ಆತು. ಮಷೀನು ಬರತೈತಿ. ನಾವೇನು ಸುಳ್ಳು ಹೇಳಿಲ್ಲ. ನಾಲ್ಕು ಸಲ ಹೇಳೇವಿ. ಅವರೇ ಕೇಳಾಕತ್ತಾರ."

ಗುಲಾಬಬಿಯ ಕೈ ನಿಂತಿತು. ಇದೇ ಮಾತು ರಾತ್ರಿಯಿಂದ ಅವಳ ತಲೆಯಲ್ಲೂ ಓಡಾಡುತ್ತಿತ್ತು. ಹೇಳಿದ್ದು ಖರೇ. ಕೇಳಿದವನು ನಂಬದಿದ್ದರೆ ಹೇಳಿದವರ ತಪ್ಪೇನು? ಅವಳ ಬಾಯಿಂದ ಆಗಲಿ ಎಂಬ ಮಾತು ಬರುವುದರಲ್ಲಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ಬಳೆಯ ಸದ್ದಾಯಿತು.

ರಾಣೆಬೆನ್ನೂರಿನಿಂದ ಮೊದಲ ಬಸ್ಸಿಗೆ ಬಂದಿದ್ದವಳು ರೇಣುಕವ್ವ, ಉಡಚಪ್ಪನ ಹೆಂಡತಿ. ಚಾಪೆಯ ಮೇಲೆ ಕುಳಿತು ಸೆರಗಿನಿಂದ ಬೆವರು ಒರೆಸಿಕೊಂಡಳು.

"ಗುಲಾಬಬಿ, ನಾ ಬಂದದ್ದು ನಮ್ಮ ಮನಿಯವರಿಗೆ ಹೇಳಬ್ಯಾಡವಾ. ಬೀಜಕ್ಕ ಹಾಕಿದ ರೊಕ್ಕ ಸುಗ್ಗಿ ತನಕ ಬರೂದಿಲ್ಲ. ಅದಕ್ಕ ನನ್ನ ಬೋರಮಾಳ ಕೇಳಾಕತ್ತಾರ, ನಿಮ್ಮ ನೋಟು ಕೊಳ್ಳಾಕ. ಕೊಡೂದಿಲ್ಲ ಅಂದ್ರ ಊಟ ಬಿಟ್ಟಾರ. ನಿನಗ ಕೈ ಮುಗೀತೇನಿ, ಹತ್ತಕ್ಕ ಕೊಟ್ಟುಬಿಡು. ಅರ್ಧ ಸರ ಆದ್ರೂ ಉಳೀತೈತಿ."

ಗುಲಾಬಬಿ ರೇಣುಕವ್ವನ ಕೊರಳು ನೋಡಿದಳು. ಒಂದೊಂದೇ ಬಂಗಾರದ ಗುಂಡು ಸೇರಿಸುತ್ತ ಬಂದ ಹಳೆಯ ಸರ, ಎದೆಯ ಮೇಲೆ ಸವೆದು ಹೊಳೆಯುತ್ತಿತ್ತು. ಹತ್ತಕ್ಕೂ ಕೊಡುವಂತಿಲ್ಲ, ಐದಕ್ಕೂ ಕೊಡುವಂತಿಲ್ಲ. ಹೇಳಿದೆವು ಎಂಬುದು ಸಾಲದು, ಆತ ನಂಬುವಂತೆ ಹೇಳಬೇಕು. ಆಕೆ ಹಿಟ್ಟಿನ ಕೈ ತೊಳೆದುಕೊಂಡಳು.

"ಬೋರಮಾಳ ನಿಮ್ಮ ಕೊರಳಾಗೇ ಇರಲಿ ಅಕ್ಕಾರ. ರೊಟ್ಟಿ ತಿಂದು ಹೋಗ್ರಿ. ಗುರುವಾರ ನಾನು ನೋಡ್ಕೋತೇನಿ."

ಶಾಬುದ್ದೀನ ಎದ್ದು ರೇಣುಕವ್ವನ ಮುಂದೆ ತಟ್ಟೆ ಇಟ್ಟ. ಆತನ ಮುಖ ಹಗುರಾದದ್ದನ್ನು ಗುಲಾಬಬಿ ಕಂಡಳು. ಆತನಿಗೂ ಆ ಹದಿನಾರು ಸಾವಿರ ಮನಸ್ಸಿಗೆ ಒಗ್ಗಿರಲಿಲ್ಲ.

ಗುರುವಾರ ಉಡಚಪ್ಪ ಬಂದ ಕೂಡಲೇ ಗುಲಾಬಬಿ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು, ಇಬ್ಬರನ್ನೂ ಕರೆದುಕೊಂಡು ಬ್ಯಾಂಕಿಗೆ ನಡೆದಳು. ಹನೀಫ್ ಮೂವರಿಗೂ ಕುರ್ಚಿ ಹಾಕಿಸಿದ.

"ಸಾವಕಾರ್ರ, ಮೊದಲ ಮಾತು" ಎಂದ. "ಪರವಾನಗಿ ಇಲ್ಲದ ನೀವು ಪರದೇಶದ ನೋಟು ಕೊಂಡ್ರ ಅದು ಕಾಯ್ದೆ ಪ್ರಕಾರ ಗುನ್ನೆ. ಕೊಟ್ಟವರೂ ಸಿಗತಾರ, ತಗೊಂಡವರೂ ಸಿಗತಾರ."

"ಅದು ಹೋಗಲಿ. ಬೆಲೆ ಐತೋ ಇಲ್ಲೋ ಹೇಳ್ರಿ. ಪುಸ್ತಕದಾಗ ಮೂರು ಡಾಲರ್ ಬರದೈತಿ. ಪುಸ್ತಕ ಸುಳ್ಳೇನು?"

"ಸುಳ್ಳಲ್ಲ. ಆ ದರ ಕಟ್ಟಿದವರು ಬಾಗ್ದಾದಿನವರು. ಅಂಗಡಿ ಮುಂದಿನ ಬೋರ್ಡಿದ್ದಂಗ. ಬೋರ್ಡು ಇನ್ನೂ ಅಲ್ಲೇ ತೂಗಾಡತೈತಿ, ಅಂಗಡಿ ಮುಚ್ಚೈತಿ." ಹನೀಫ್ ಮೇಜಿನ ಮೇಲಿನ ಒಂದು ಖಾಲಿ ಚೀಟಿ ಎತ್ತಿಕೊಂಡ. "ನೀವು ರಾಣೆಬೆನ್ನೂರಿನಾಗ ನಿಮ್ಮ ಸಹಿ ಹಾಕಿ ಚೀಟಿ ಕೊಟ್ರ ಬ್ಯಾಡಗಿ ದಲಾಲರು ಮಾಲು ಕೊಡತಾರ. ಯಾಕ?"

"ನನ್ನ ಬೀಜ ಐತಿ, ಗೋದಾಮು ಐತಿ. ಚೀಟಿ ತಂದ್ರ ನಾನು ರೊಕ್ಕ ಕೊಡತೇನಿ."

"ನಾಳೆ ಸರ್ಕಾರದವರು ನಿಮ್ಮ ಗೋದಾಮಿಗೆ ಬೀಗ ಹಾಕಿದ್ರು, ಬ್ಯಾಂಕಿನ ಖಾತೆ ಬಂದ್ ಮಾಡಿದ್ರು, ನಿಮ್ಮ ಬೀಜ ಯಾರೂ ಕೊಳ್ಳಬಾರದು ಅಂತ ಡಂಗುರ ಹೊಡಿಸಿದ್ರು ಅಂತ ತಿಳೀರಿ. ಆಗ?"

ಉಡಚಪ್ಪ ಆ ಖಾಲಿ ಚೀಟಿಯನ್ನೇ ನೋಡಿದ.

"ಇರಾಕಿಗೆ ಆದದ್ದು ಅದೇ. ಎಣ್ಣಿ ಮಾರಿ ಡಾಲರ್ ತಗೊಂಡು ನ್ಯೂಯಾರ್ಕು, ಲಂಡನ್ನಿನಾಗ ಇಡತಿದ್ರು. ದಿನಾರ್ ತಂದವರಿಗೆ, ಅದೂ ಅಪ್ಪಣೆ ಇದ್ದವರಿಗೆ, ಅದರಾಗಿಂದ ಡಾಲರ್ ಕೊಡತಿದ್ರು. ಈಗ ವಿಶ್ವಸಂಸ್ಥೆಯವರು ಎಣ್ಣಿ ಕೊಳ್ಳಬ್ಯಾಡ್ರಿ ಅಂದಾರ. ಖಾತೆಗೆ ಬೀಗ. ಯಾವ ಬ್ಯಾಂಕೂ ಬಾಗ್ದಾದಿನ ಬ್ಯಾಂಕಿನ ಜೋಡಿ ಲೆಕ್ಕ ಇಟ್ಟುಕೊಳ್ಳಂಗಿಲ್ಲ. ನಾನು ಇವರ ನೋಟು ತಗೊಂಡ್ರ ಅದನ್ನ ಯಾರಿಗೆ ಕಳಿಸಲಿ? ಅಲ್ಲಿ ಇದ್ದವರಿಗೆ ಇದು ರೊಕ್ಕನೇ. ಗಡಿ ದಾಟಿದ ಮ್ಯಾಲೆ ಖಾನಾವಳಿ ಕೂಪನ್ನು ಇದ್ದಂಗ, ಬ್ಯಾರೆ ಖಾನಾವಳಿಯಾಗ ನಡಿಯೂದಿಲ್ಲ."

"ಲಡಾಯಿ ಮುಗಿದ ಮ್ಯಾಲೆ?"

"ಬೀಗ ಯಾವಾಗ ತೆಗೀತಾರ ನನಗ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಅಷ್ಟರಾಗ ಅವರು ಎಷ್ಟು ನೋಟು ಅಚ್ಚು ಹಾಕತಾರ ಅದೂ ಗೊತ್ತಿಲ್ಲ. ಡಾಲರ್ ಬರದಿದ್ರ ಸಂಬಳ ಕೊಡಾಕ ಅಚ್ಚೇ ಹಾಕಬೇಕಲ್ಲ."

ಇಷ್ಟು ಕೇಳಿ ಉಡಚಪ್ಪ ಎದ್ದ. ಹೊರಗೆ ಬಂದು ಶಾಬುದ್ದೀನನ ಕಿವಿಯಲ್ಲಿ, "ಈ ಹನೀಫ್ ನಿಮ್ಮ ಸಂಬಂಧಿಕ ಏನು?" ಎಂದು ಕೇಳಿದ.

ಗುಲಾಬಬಿ ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿದ ಮೇಲೆ ಡಬ್ಬಿ ತೆರೆದು ಒಂದು ನೋಟು ತೆಗೆದು ಉಡಚಪ್ಪನ ಅಂಗೈಯಲ್ಲಿಟ್ಟಳು.

"ಅಣ್ಣಾರ, ನೀವು ಬೀಜದ ಕೆಲಸಕ್ಕ ಮುಂಬೈಗೆ ಹೋಗವರದೀರಿ. ಇದು ಪುಕ್ಕಟೆ. ಅಲ್ಲಿ ಯಾವ ದೊಡ್ಡ ಬ್ಯಾಂಕಿನಾಗ ಬೇಕಾದ್ರೂ ತೋರಿಸ್ರಿ. ಅವರು ಕೊಂಡ್ರ ಉಳಿದದ್ದನ್ನ ನಾವೇ ಅಲ್ಲಿಗೆ ಒಯ್ತೀವಿ. ಕೊಳ್ಳದಿದ್ರ ಮತ್ತ ಈ ಮಾತು ತೆಗೀಬ್ಯಾಡ್ರಿ."

ಉಡಚಪ್ಪ ಹೋದ. ಹತ್ತು ದಿನ ಸುದ್ದಿ ಇಲ್ಲ. ಓಣಿಯ ಕಟ್ಟೆಯವರು ಬೇಸರಪಟ್ಟುಕೊಂಡರು.

ಹನ್ನೊಂದನೆಯ ದಿನ ರೇಣುಕವ್ವನನ್ನೂ ಕರೆದುಕೊಂಡು ಬಂದ. ಬೋರಮಾಳ ಅವಳ ಕೊರಳಲ್ಲಿತ್ತು. ಉಡಚಪ್ಪ ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಐದು ಬ್ಯಾಂಕು ಹತ್ತಿ ಇಳಿದೆ" ಎಂದ. "ಮೊದಲನೇದರಾಗ ಒಬ್ಬ ಹುಡುಗಿ ನೋಟು ನೋಡಿ ಒಳಗ ಹೋದಳು. ಕೊಡತಾರ ಅಂದ್ಕೊಂಡೆ. ಒಳಗಿಂದ ಇಬ್ಬರನ್ನ ಕರಕೊಂಡು ಬಂದು ಅವರಿಗೂ ಕುದುರಿ ತೋರಿಸಿದಳು, ಮೂವರೂ ನೋಡಿ ತಿರುಗಿ ಕೊಟ್ರು. ಮೂರನೇದರಾಗ ವಯಸ್ಸಾದವರೊಬ್ಬರು ದೊಡ್ಡ ಪುಸ್ತಕ ತೆಗೆದ್ರು. ಅದರಾಗೂ ಮೂರು ಡಾಲರ್ ಐತಿ. ನೋಡ್ರಿ ಸಾಹೇಬ್ರ, ನಿಮ್ಮ ಪುಸ್ತಕದಾಗೇ ಐತಿ ಅಂದೆ. ಅವರು ಬೆರಳಿಟ್ಟು ಬಾಜೂಕ ಬರದದ್ದು ತೋರಿಸಿದ್ರು. ಹೆಸರಿಗೆ ಮಾತ್ರ ದರ, ವ್ಯವಹಾರ ಇಲ್ಲ ಅಂತ."

"ಆಮೇಲೆ?"

"ಆಮೇಲೆ ಬೀದಿಯಾಗ ಒಬ್ಬ ಸಿಕ್ಕ. ಕದ್ದು ಮುಚ್ಚಿ ಎಲ್ಲಾ ದೇಶದ್ದೂ ತಗೊಳ್ಳವ. ಅವನೂ ನಕ್ಕ. ಇಪ್ಪತ್ತೈದಕ್ಕ ಹದಿನೈದು ರೂಪಾಯಿ ಕೊಡತೇನಿ, ಅದೂ ಚಿತ್ರ ಚಂದ ಐತಿ ಅಂತ ಅಂದ." ಉಡಚಪ್ಪ ನೋಟನ್ನು ಚಾಪೆಯ ಮೇಲಿಟ್ಟ. "ಅದಕ್ಕೂ ಕೊಡಲಿಲ್ಲ, ಕೊಡಾಕ ನನ್ನದಲ್ಲ. ನಾನು ಇಪ್ಪತ್ತೈದಕ್ಕ ಐದುನೂರು ಕೊಡವ ಇದ್ದೆ. ನೀವು ತಗೋಬಹುದಿತ್ತು. ಯಾರೂ ನಿಮಗ ಏನೂ ಅಂತಿರಲಿಲ್ಲ."

"ಅಕ್ಕಾರ ಕೊರಳು ನೋಡಿ ಆಗಲಿಲ್ಲ" ಎಂದಳು ಗುಲಾಬಬಿ.

ಉಡಚಪ್ಪ ಹೆಂಡತಿಯ ಕಡೆ ತಿರುಗಿದ. ರೇಣುಕವ್ವ ಸೆರಗು ಬಾಯಿಗೆ ಒತ್ತಿಕೊಂಡು ಸೂರು ನೋಡುತ್ತಿದ್ದಳು. ಅವಳು ಬಂದು ಹೋದದ್ದು ಆಗ ಬಯಲಾಯಿತು. ಅವಳ ನಗು ಮೊದಲು ಹೊರಗೆ ಬಂತು, ಆಮೇಲೆ ಎಲ್ಲರದ್ದೂ. ಉಡಚಪ್ಪನೂ ಕೊನೆಗೆ ನಕ್ಕ.

ನಕ್ಕವನು ಚಹಾ ಕುಡಿಯುತ್ತ ಮಷೀನಿನ ಕತೆ ಕೇಳಿದ. ಮಷೀನಿನಲ್ಲಿ ಏನೇನಿರುತ್ತದೆ ಎಂದು ಶಾಬುದ್ದೀನನಿಗೆ ಕೇಳಿದ. ಒಂದು ಮೋಟರು, ಒಂದು ದಂಡ, ಮೇಲೆದ್ದು ಬೀಳುವ ನಾಲ್ಕು ಒನಕೆ, ಕೆಳಗೆ ಒರಳು, ಉಳಿದದ್ದು ಕಬ್ಬಿಣದ ಚೌಕಟ್ಟು ಎಂದ ಶಾಬುದ್ದೀನ. ಬಾಗ್ದಾದಿನಲ್ಲಿ ಇದಕ್ಕಿಂತ ನೂರು ಪಟ್ಟು ದೊಡ್ಡ ಚೌಕಟ್ಟು ಬೆಸೆದಿದ್ದೇನೆ ಎಂದೂ ಅಂದ.

"ಮತ್ತ ಕೊಳ್ಳೂದು ಯಾಕ?" ಎಂದ ಉಡಚಪ್ಪ. "ನನ್ನ ಹಳೇ ಗೋದಾಮಿನಾಗ ಶೇಂಗಾ ಒಡೆಯೂ ಯಂತ್ರ ತುಕ್ಕು ಹಿಡದು ಬಿದ್ದೈತಿ. ಮೋಟರು ಗಟ್ಟಿ ಐತಿ. ಒಯ್ಯಿ, ಬಿಚ್ಚು, ಬೆಸಿ. ಜಾಗ, ಯಂತ್ರ ನನ್ನದು. ಕೈ ನಿನ್ನದು. ಖಾರ ಯಾವುದು ಅಂತ ಆರಿಸೂದು ಗುಲಾಬಬಿದು. ಬಂದದ್ದರಾಗ ನನಗ ಮೂರರಾಗ ಒಂದು ಪಾಲು."

"ಮಾಲು ಚಲೋ ಇಲ್ಲದಿದ್ರ?" ಎಂದಳು ಗುಲಾಬಬಿ.

"ನೀನು ಕೆಟ್ಟದ್ದು ಅಂದ್ರ ಇನ್ನು ಮ್ಯಾಲೆ ಕೆಟ್ಟದ್ದು ಅಂತ ನಂಬತೇನಿ."

ಜನವರಿ ಪೂರ್ತಿ ಶಾಬುದ್ದೀನ ರಾಣೆಬೆನ್ನೂರಿನ ಗೋದಾಮಿನಲ್ಲಿ ಬೆಸೆದ. ತಿಂಗಳ ನಡುವಿನಿಂದ ಪಕ್ಕದ ಚಹಾ ಅಂಗಡಿಯ ರೇಡಿಯೊದಲ್ಲಿ ಬಾಗ್ದಾದಿನ ಮೇಲೆ ಬಾಂಬು ಬೀಳುವ ಸುದ್ದಿ ಬರುತ್ತಿತ್ತು. ಆಗೆಲ್ಲ ಆತ ಬೆಂಕಿ ಆರಿಸಿ, ಕಣ್ಣಿನ ಕಪ್ಪು ಗಾಜು ಮೇಲೆತ್ತಿ ನಿಂತು ಕೇಳುತ್ತಿದ್ದ. ಬಾಗ್ದಾದಿನಲ್ಲಿ ಆತನ ಮೇಲೆ ಆ ಊರಿನವನೇ ಒಬ್ಬ ಫೋರ್‌ಮನ್ ಇದ್ದ, ಅಬು ಸಮೀರ್ ಅಂತ. ಮಧ್ಯಾಹ್ನದ ರೊಟ್ಟಿಯಲ್ಲಿ ಅರ್ಧ ಮುರಿದು ಕೊಡುತ್ತಿದ್ದ. "ನಮಗ ಆ ನೋಟು ನಡೀಲಿಲ್ಲ ಅಂದ್ರೂ ಊರಿಗೆ ಬಂದ್ವಿ" ಎಂದು ಒಂದು ಸಂಜೆ ಹೆಂಡತಿಗೆ ಹೇಳಿದ. "ಅವನಿಗೆ ಇರೂದು ಅದೊಂದೇ ರೊಕ್ಕ. ಅದರಾಗೇ ಹಾಲು ತರಬೇಕು." ಗುಲಾಬಬಿ ಅವತ್ತಿನಿಂದ ದುವಾ ಮಾಡುವಾಗ ಇನ್ನೊಂದು ಹೆಸರು ಸೇರಿಸಿಕೊಂಡಳು.

ಫೆಬ್ರವರಿಯ ಎರಡನೆಯ ಭಾನುವಾರ ಮಷೀನು ಶುರುವಾಯಿತು. ಗುಲಾಬಬಿ ಯಾರ್ಡಿನಿಂದ ತಾನೇ ಆರಿಸಿ ತಂದ ಎರಡು ಚೀಲ ಕಾಯಿ, ಸುಕ್ಕು ಸುಕ್ಕಾದ, ಕಡು ಕೆಂಪಿನವು. ಹನೀಫ್ ಹಾವೇರಿಯಿಂದ ತಾಯಿಯನ್ನು ಕರೆದುಕೊಂಡು ಬಂದಿದ್ದ. ಓಣಿಯ ಕಟ್ಟೆಯವರು ಅಷ್ಟೂ ಜನ ಬ್ಯಾಡಗಿಯಿಂದ ಒಂದೇ ಟೆಂಪೊದಲ್ಲಿ ಬಂದಿಳಿದರು. ಶಾಬುದ್ದೀನ ಬಿಸ್ಮಿಲ್ಲಾ ಅಂದ, ರೇಣುಕವ್ವ ಒರಳಿಗೆ ಕುಂಕುಮ ಹಚ್ಚಿದಳು, ಉಡಚಪ್ಪ ಗುಂಡಿ ಒತ್ತಿದ.

ನಾಲ್ಕು ಒನಕೆ ಒಂದಾದ ಮೇಲೊಂದು ಎದ್ದು ಬಿದ್ದವು. ಐದು ನಿಮಿಷದಲ್ಲಿ ಘಾಟು ಗೋದಾಮಿನ ತುಂಬ ಹರಡಿತು. ಮೊದಲು ಸೀನಿದವನು ಉಡಚಪ್ಪ. ಆಮೇಲೆ ಹನೀಫ್, ಆಮೇಲೆ ಕಟ್ಟೆಯವರು ಸಾಲಾಗಿ. ಎಲ್ಲರೂ ಕಣ್ಣು ಒರೆಸಿಕೊಳ್ಳುತ್ತ, ಒಬ್ಬರನ್ನೊಬ್ಬರು ತಳ್ಳಿಕೊಂಡು ಅಂಗಳಕ್ಕೆ ಓಡಿದರು. ಒಳಗೆ ಉಳಿದವಳು ಗುಲಾಬಬಿ ಒಬ್ಬಳೇ. ಆಕೆ ಒರಳಿಗೆ ಬಾಗಿ ಚಿಟಿಕೆ ಪುಡಿ ತೆಗೆದು ಅಂಗೈಯಲ್ಲಿ ಉಜ್ಜಿದಳು, ಮೂಸಿದಳು, ನಾಲಗೆಗೆ ಹಚ್ಚಿ ನೋಡಿದಳು. ಆಮೇಲೆ ಬಾಗಿಲಿಗೆ ಬಂದು, ಇನ್ನೂ ಸೀನುತ್ತಿದ್ದ ಪಾಲುದಾರನಿಗೆ ಕೂಗಿ ಹೇಳಿದಳು:

"ಅಣ್ಣಾರ, ಚಲೋ ಐತ್ರಿ."